ಸಂಶೋಧನಾ ವಿಧಾನ: ಉಚಿತ ಬಸ್ ಪ್ರಯಾಣ ಮತ್ತು ಹೂವು, ಸೊಪ್ಪು ಮಾರುವ ಹಳ್ಳಿ ಹೆಂಗಸರ ಕೈಯ ದುಡ್ಡು

ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಅಂದಿನಿಂದ ಹೆಂಗಸರಿಗೆ ಬಸ್ ಚಾರ್ಜು ಉಳಿಯುತ್ತಿದೆ. ಉಳಿದ ದುಡ್ಡು ಮನೆಯಲ್ಲಿ ಯಾರ ಕೈ ಸೇರುತ್ತದೆ ಅನ್ನುವುದು ನನ್ನ ಪ್ರಶ್ನೆ. ಒಂದೇ ಸಲದ ಸರ್ವೆಯಿಂದ ಇದಕ್ಕೆ ಉತ್ತರ ಸಿಗುವುದು ಕಷ್ಟ. ಗಂಡನೋ ಅತ್ತೆಯೋ ಪಕ್ಕದಲ್ಲಿ ಕೂತಿದ್ದರೆ "ಮನೆ ಖರ್ಚಿಗಾಯ್ತು" ಅನ್ನುವುದರ ಆಚೆಗೆ ಮಾತು ಹೋಗುವುದಿಲ್ಲ. ಹಾಗಾಗಿ ಜೂನ್‌ನಿಂದ ಮಾರ್ಚ್‌ವರೆಗೆ 10 ತಿಂಗಳು ಕ್ಷೇತ್ರಕಾರ್ಯ ಮಾಡುತ್ತೇನೆ. ಆಷಾಢ ಶುಕ್ರವಾರ, ದಸರಾ, ಮದುವೆಗಳಿಲ್ಲದ ಧನುರ್ಮಾಸ ಎಲ್ಲವೂ ಈ ಅವಧಿಯಲ್ಲೇ ಬರುತ್ತವೆ. ಹೂವಿನ ವ್ಯಾಪಾರದ ಏರಿಳಿತ ಕಾಣಬೇಕಾದರೆ ಇಷ್ಟು ಕಾಲ ಬೇಕು.

ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳಲ್ಲಿ 6 ಹಳ್ಳಿಗಳನ್ನು ಆರಿಸಿಕೊಳ್ಳುತ್ತೇನೆ. ಮೂರಕ್ಕೆ ದಿನವೂ ಬಸ್ಸಿದೆ. ಇನ್ನು ಮೂರರಲ್ಲಿ ಮುಖ್ಯರಸ್ತೆವರೆಗೆ ನಡೆಯಬೇಕು, ಇಲ್ಲವೇ ಆಟೋ ಹಿಡಿಯಬೇಕು. ಬಸ್ಸೇ ಬಾರದ ಊರಿಗೆ ಉಚಿತ ಟಿಕೆಟ್ ಎಷ್ಟು ದಕ್ಕೀತು ಅಲ್ವಾ? ಈ ಹೋಲಿಕೆ ನನಗೆ ತುಂಬಾ ಮುಖ್ಯ. ಪ್ರತಿ ಹಳ್ಳಿಯಿಂದ 8ರಂತೆ 48 ಹೆಂಗಸರನ್ನು ಮನೆಗಳ ಪಟ್ಟಿಯಿಂದಲೇ ಆರಿಸುತ್ತೇನೆ. ಬಸ್ಸಿನಲ್ಲಿ ಸಿಕ್ಕವರನ್ನಷ್ಟೇ ಮಾತಾಡಿಸಿದರೆ ವ್ಯಾಪಾರ ಬಿಟ್ಟು ಊರಲ್ಲೇ ಉಳಿದವರು ಲೆಕ್ಕಕ್ಕೇ ಬರುವುದಿಲ್ಲ.

ಮೂರು ಬಗೆಯಲ್ಲಿ ಮಾಹಿತಿ ಕೂಡಿಸುತ್ತೇನೆ. ಮೊದಲನೆಯದು ಟಿಕೆಟ್‌ಗಳು. ಪೂರ್ವಭಾವಿ ಭೇಟಿಯಲ್ಲಿ, ಮೈಸೂರಿನ ದೇವರಾಜ ಮಾರುಕಟ್ಟೆಯ ಹತ್ತಿರ ಸೊಪ್ಪು ಮಾರುವ ಒಬ್ಬರು ಸೆರಗಿನ ಗಂಟು ಬಿಚ್ಚಿ, ಮಡಿಸಿಟ್ಟ ನಾಲ್ಕು ಉಚಿತ ಟಿಕೆಟ್ ತೋರಿಸಿದರು. ದಿನಾಂಕ, ಹೊತ್ತು, ಹತ್ತಿದ ಊರು, ಇಳಿದ ಊರು ಎಲ್ಲ ಅದರಲ್ಲೇ ಇತ್ತು. ಬರೆಯಲು ಬಾರದವರಿಗೂ ಇದು ದಿನಚರಿ. ಪ್ರತಿಯೊಬ್ಬರಿಗೂ ಒಂದು ಲಕೋಟೆ ಕೊಟ್ಟು, 15 ದಿನಕ್ಕೊಮ್ಮೆ ಟಿಕೆಟ್‌ಗಳನ್ನು ಮುಂದಿಟ್ಟುಕೊಂಡು ಆಯಾ ದಿನದ ಸಂಪಾದನೆ, ಖರ್ಚು, ಕೈಯಲ್ಲಿ ಉಳಿದದ್ದನ್ನು ಕೇಳುತ್ತೇನೆ. ಎರಡನೆಯದು, ಬೆಳಗಿನ ಬಸ್ಸಿನಲ್ಲಿ ಅವರ ಜೊತೆ ಹೋಗಿ ನೋಡಿದ್ದನ್ನು ಬರೆದಿಡುವುದು. ಮೂರನೆಯದು ಸಂದರ್ಶನ: ಹೆಂಗಸರೊಡನೆ ಎರಡು ಸಲ, ಒಪ್ಪಿದ ಮನೆಗಳಲ್ಲಿ ಗಂಡಸರೊಡನೆ ಬೇರೆಯಾಗಿ ಒಂದು ಸಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಮುಂದೆ ಆಡುವುದಿಲ್ಲ.

ಸಂದರ್ಶನಗಳನ್ನು ಅವರಾಡಿದ ಕನ್ನಡದಲ್ಲೇ ಬರೆದಿಟ್ಟು, ವಿಷಯವಾರು ವಿಂಗಡಿಸಿ, ಟಿಕೆಟ್ ಲೆಕ್ಕದೊಡನೆ ಹೋಲಿಸುತ್ತೇನೆ. ಎರಡೂ ತಾಳೆಯಾಗದ ಕಡೆ ಮತ್ತೆ ಹೋಗಿ ಕೇಳುತ್ತೇನೆ. 2023ಕ್ಕಿಂತ ಹಿಂದಿನ ಖರ್ಚಿಗೆ ನೆನಪೇ ಆಧಾರ. ಇದು ಈ ಅಧ್ಯಯನದ ಮಿತಿ. ಅದಕ್ಕೇ ಸುಮ್ನೆ ಮೊತ್ತ ಕೇಳದೆ, ಆಗ ಯಾವ ಸಂತೆಗೆ ಹೋಗುತ್ತಿದ್ದರು, ಯಾವುದನ್ನು ಬಿಟ್ಟಿದ್ದರು ಎಂದು ಕೇಳುತ್ತೇನೆ. 48 ಜನರಿಂದ ಇಡೀ ರಾಜ್ಯದ ಬಗ್ಗೆ ತೀರ್ಮಾನ ಹೇಳುವುದಿಲ್ಲ. ವ್ಯಾಪಾರದ ಹೊತ್ತಿನಲ್ಲಿ ಯಾರನ್ನೂ ಮಾತಿಗೆ ಎಳೆಯುವುದಿಲ್ಲ. ಒಪ್ಪಿಗೆಯನ್ನು ಓದಿ ಹೇಳಿ, ಬಾಯಿಮಾತಿನಲ್ಲಿ ಪಡೆಯುತ್ತೇನೆ. ಹೆಸರು, ಊರು ಬದಲಿಸುತ್ತೇನೆ. ನಡುವೆ ಯಾರಾದರೂ ಬೇಡವೆಂದರೆ ಅವರ ಮಾಹಿತಿಯನ್ನು ಅಳಿಸಿ, ಲಕೋಟೆಯನ್ನು ಟಿಕೆಟ್ ಸಮೇತ ಅವರಿಗೇ ಕೊಟ್ಟುಬಿಡುತ್ತೇನೆ.