ಬೇರೆಯವರ ವಿಡಿಯೋ ತುಣುಕು ಬಳಸುವ ಮುನ್ನ: ನಮ್ಮ ಶಾಲೆಯ ಶಿಕ್ಷಕರಿಗೆ

ಹೋದ ತಿಂಗಳು ನಾನು ಯೂಟ್ಯೂಬಿಗೆ ಹಾಕಿದ ಪಾಠಕ್ಕೆ ಕಾಪಿರೈಟ್ ಕ್ಲೈಮ್ ಬಂತು. ಮೂಲ ಚಾನೆಲ್ ಹೆಸರು ಹಾಕಿದ್ದೆ, ಆದರೂ ಬಂತು. ಹೆಸರು ಹಾಕಿದರೆ ಅನುಮತಿ ಸಿಕ್ಕಂತಲ್ಲ ಅಂತ ಆಗ ಗೊತ್ತಾಯ್ತು. ನೀವೂ ಸಿಕ್ಕಿಹಾಕಿಕೊಳ್ಳಬೇಡಿ ಅಂತ ಇದನ್ನು ಬರೆದಿದ್ದೇನೆ.

ಮೊದಲು ನೋಡಬೇಕಾದ್ದು, ಯಾರ ಮುಂದೆ ತೋರಿಸುತ್ತೀರಿ ಅನ್ನೋದು. ನೋಡುವವರು ನಮ್ಮ ಶಿಕ್ಷಕರು, ಮಕ್ಕಳು, ಪೋಷಕರಷ್ಟೇ ಆಗಿದ್ದರೆ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಶಾಲೆಗೆ ವಿನಾಯಿತಿ ಕೊಡುತ್ತದೆ. ಊರವರನ್ನೆಲ್ಲ ಕರೆದ ವಾರ್ಷಿಕೋತ್ಸವಕ್ಕೆ ಅದನ್ನು ನಂಬಿ ಕೂರಬೇಡಿ. ಪಾಠ ರೆಕಾರ್ಡ್ ಮಾಡಿ ನೆಟ್‌ಗೆ ಹಾಕುವುದಾದರಂತೂ ಅನುಮತಿ ಕೇಳಿಬಿಡಿ.

'30 ಸೆಕೆಂಡ್ ಒಳಗಿದ್ದರೆ ಏನೂ ಆಗಲ್ಲ' ಅನ್ನೋ ಮಾತು ಸ್ಟಾಫ್ ರೂಮಿನಲ್ಲಿ ಓಡಾಡುತ್ತಿದೆ. ಕಾಯ್ದೆಯಲ್ಲಿ ಹಾಗೆಲ್ಲೂ ಇಲ್ಲ. ಪಾಠಕ್ಕೆ ಎಷ್ಟು ಬೇಕೋ ಅಷ್ಟೇ ತೋರಿಸಿ. ಬೋರ್ಡ್ ಮೇಲೆ ಬರೆದು ಹೇಳಬಹುದಾದ್ದಕ್ಕೆ ಸುಮ್ನೆ ವಿಡಿಯೋ ಯಾಕೆ?

ಒಂಬತ್ತನೇ ತರಗತಿಗೆ ನಾನು ಬಳಸುವುದು ಅಪೋಲೊ 15ರ ತುಣುಕು. 1971ರಲ್ಲಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಸುತ್ತಿಗೆ, ಗರಿ ಎರಡನ್ನೂ ಒಟ್ಟಿಗೆ ಬಿಡುತ್ತಾರೆ, ಎರಡೂ ಒಟ್ಟಿಗೇ ನೆಲ ಮುಟ್ಟುತ್ತವೆ. ಮಕ್ಕಳು 'ಇನ್ನೊಂದ್ಸಲ ಮೇಡಂ' ಅನ್ನದೆ ಬಿಡುವುದಿಲ್ಲ. ನಾಸಾದ ಸ್ವಂತ ವಿಡಿಯೋಗಳಿಗೆ ಸಾಮಾನ್ಯವಾಗಿ ಕಾಪಿರೈಟ್ ಇರುವುದಿಲ್ಲ. ಆದರೆ ಅದೇ ದೃಶ್ಯಕ್ಕೆ ಇನ್ಯಾವುದೋ ಚಾನೆಲ್ ಸಂಗೀತ, ವಿವರಣೆ ಸೇರಿಸಿದ್ದರೆ ಆ ಭಾಗ ಅವರದ್ದು. ಹಾಗಾಗಿ ನಾಸಾದ ಜಾಲತಾಣದಿಂದಲೇ ತೆಗೆದುಕೊಳ್ಳಿ. ತುಣುಕಿನ ಮೇಲೆಯೇ ಹೀಗೆ ಬರೆಯಿರಿ: 'ಅಪೋಲೊ 15, ಸುತ್ತಿಗೆ ಮತ್ತು ಗರಿ ಪ್ರಯೋಗ, 1971. ವಿಡಿಯೋ: ನಾಸಾ.' ಕೊನೆಯ ಸ್ಲೈಡಿನಲ್ಲಿ ಹಾಕಿದರೆ ಯಾರೂ ಓದಲ್ಲ.

ಯೂಟ್ಯೂಬ್ ವಿಡಿಯೋ ಆದರೆ ಡೌನ್‌ಲೋಡ್ ಬೇಡ, ಲಿಂಕಿನಿಂದಲೇ ತೋರಿಸಿ. ಲಿಂಕಿನ ಕೊನೆಗೆ `&t=95s` ಸೇರಿಸಿದರೆ 95ನೇ ಸೆಕೆಂಡಿನಿಂದ ಶುರುವಾಗುತ್ತದೆ. ನಮ್ಮ ನೆಟ್ ಕಥೆ ಗೊತ್ತಲ್ವಾ, ಫೈಲೇ ಬೇಕಾದರೆ ಅದನ್ನೂ ಕೇಳಿಯೇ ಪಡೆಯಿರಿ.

ಕೇಳುವುದು ಕಷ್ಟವೇನಲ್ಲ. ಮಗ್ಗದ ವಿಡಿಯೋಗೆ ನಾನು ಕಳಿಸಿದ್ದು ಇಷ್ಟೇ:

'ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಪ್ರೌಢಶಾಲೆಯೊಂದರ ಶಿಕ್ಷಕಿ. ನಿಮ್ಮ ಕೈಮಗ್ಗದ ವಿಡಿಯೋದಲ್ಲಿ 2:10ರಿಂದ 2:50ರವರೆಗಿನ ಭಾಗವನ್ನು ನಮ್ಮ ಪಾಠದಲ್ಲಿ ಸೇರಿಸಿ ಯೂಟ್ಯೂಬಿಗೆ ಹಾಕಬಹುದೇ? ಜಾಹೀರಾತು ಇರುವುದಿಲ್ಲ. ನಿಮ್ಮ ಹೆಸರು, ಲಿಂಕ್ ಹಾಕುತ್ತೇವೆ. ಬೇಡವೆಂದರೆ ಖಂಡಿತ ಬಳಸುವುದಿಲ್ಲ.'

ಎರಡೇ ದಿನದಲ್ಲಿ ಒಪ್ಪಿಗೆ ಬಂತು. ಉತ್ತರ ಬರದಿದ್ದರೆ ಒಪ್ಪಿದ್ದಾರೆ ಅಂದುಕೊಳ್ಳಬೇಡಿ. ತುಣುಕು ಬಿಟ್ಟು ಮಕ್ಕಳಿಗೆ ಲಿಂಕ್ ಕೊಡಿ. ಅವರ ಲೋಗೋ ಮುಚ್ಚಬೇಡಿ, ಮಾತಿನ ಅರ್ಥ ಕೆಡುವ ಹಾಗೆ ಕತ್ತರಿಸಬೇಡಿ.

ಬಂದ ಒಪ್ಪಿಗೆಯ ಸ್ಕ್ರೀನ್‌ಶಾಟ್‌ಗಳನ್ನು ಕಂಪ್ಯೂಟರ್ ಕೋಣೆಯ 'ಅನುಮತಿ' ಫೋಲ್ಡರಿಗೆ ಹಾಕಿ, ತಾರೀಖು ಸಮೇತ. ನನ್ನ ಮಗ್ಗದ್ದು ಆಗಲೇ ಅಲ್ಲಿದೆ.