ಕಲಾಯಿ ಹೋದ ಪಾತ್ರೆ

ಅಮ್ಮ ಹೋಗಿ ಎರಡು ತಿಂಗಳಾದ ಮೇಲೆ ಅಡುಗೆಮನೆ ಖಾಲಿ ಮಾಡಲು ಕೂತೆ. ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಎರಡು ಗೋಣಿಚೀಲ ತಂದಿಟ್ಟುಕೊಂಡೆ. ಒಂದು ಗುಜರಿಗೆ, ಒಂದು ನನಗೆ.

ಮೊದಲು ಕೈಗೆ ಸಿಕ್ಕಿದ್ದು ಕಬ್ಬಿಣದ ಕಾವಲಿ. ಸೋಪು ಹಾಕಿ ಗಸಗಸ ಉಜ್ಜಿ, ಬೋರಲು ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಮೈಯೆಲ್ಲ ಕೆಂಪು ತುಕ್ಕು. ಫೋಟೋ ತೆಗೆದು ಚಿಕ್ಕಮ್ಮನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು.

"ಅಯ್ಯೋ, ಕಾವಲಿಗೆ ಸ್ನಾನ ಮಾಡಿಸಿದ್ಯೇನೋ! ಅಕ್ಕ ಇಷ್ಟು ವರ್ಷ ಕುಡಿಸಿದ ಎಣ್ಣೆಯೆಲ್ಲ ಹೋಯ್ತಲ್ಲೋ."

ತುಕ್ಕು ತಿಕ್ಕಿ ತೆಗೆದು, ಒಲೆಯ ಮೇಲಿಟ್ಟು ನೀರಿನ ಪಸೆ ಆರಿಸಿ, ತೆಳ್ಳಗೆ ಎಣ್ಣೆ ಸವರಿ ಹೊಗೆ ಬರುವವರೆಗೆ ಕಾಯಿಸಬೇಕಂತೆ. ಆರಿದ ಮೇಲೆ ಮತ್ತೆ ಅದೇ. ನಾಲ್ಕನೇ ಸಲಕ್ಕೆ ಕಪ್ಪು ಬಣ್ಣ ಮರಳಿತು. ಕಾವಲಿಯ ಪಕ್ಕದ ಮೊಳೆಯಲ್ಲಿ ಒಂದು ಜಿಡ್ಡು ಬಟ್ಟೆ ನೇತಾಡುತ್ತಿತ್ತು. ಹಿಂದಿನ ದಿನ ಮೂಗು ಮುಚ್ಚಿಕೊಂಡು ಕಸಕ್ಕೆ ಹಾಕಿದ್ದೆ. ಹೋಗಿ ಎತ್ತಿ ತಂದೆ.

ಅಟ್ಟದ ಮೇಲೆ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಕಲ್ಲಿನ ಪಾತ್ರೆ ಸಿಕ್ಕಿತು. ಒಳಗೆಲ್ಲ ಎಣ್ಣೆ ಕುಡಿದು ಮಿರಿಮಿರಿ ಅನ್ನುತ್ತಿತ್ತು. ಹೊಸದರಲ್ಲಿ ದಿನಗಟ್ಟಲೆ ಗಂಜಿ ತುಂಬಿಸಿಟ್ಟು ಪಳಗಿಸಿದ್ದಳಂತೆ. ಪಾತ್ರೆಯನ್ನೂ ಪಳಗಿಸಬೇಕು ಅಂತ ನನಗೆ ಗೊತ್ತೇ ಇರಲಿಲ್ಲ.

"ಬರಿದು ಮಾಡಿ ಒಲೆ ಮೇಲೆ ಇಡಬೇಡ, ಬಿರುಕು ಬಿಡುತ್ತೆ. ಸಣ್ಣ ಉರಿಯಿಂದ ಶುರು ಮಾಡು. ಸ್ವಲ್ಪ ಮುಂಚೆನೇ ಇಳಿಸು. ಇಳಿಸಿದ ಮೇಲೂ ಅದು ಕುದೀತಾನೇ ಇರುತ್ತೆ."

ಸ್ಟೀಲ್ ಡಬ್ಬಗಳದ್ದು ಏನೂ ಕಥೆಯಿಲ್ಲ. ತೊಳೆದೆ, ಆಯಿತು.

ಕೊನೆಗೆ ಉಳಿದದ್ದು ಹಿತ್ತಾಳೆ ಪಾತ್ರೆ. ಹುಣಸೆಹಣ್ಣಿಗೆ ಉಪ್ಪು ಸೇರಿಸಿ ಹೊರಗೆ ಉಜ್ಜಿದರೆ ಥಳಥಳ ಹೊಳೆಯಿತು. ಅದೇ ಹುಮ್ಮಸ್ಸಿನಲ್ಲಿ ಒಳಗೂ ಕೈ ಹಾಕಿದೆ. ಫೋನ್ ಸ್ಪೀಕರಿನಲ್ಲಿತ್ತು.

"ಒಳಗೆ ಬೇಡ! ಅದು ಕಲಾಯಿ ಕಣೋ. ತವರದ ತೆಳು ಪದರ. ಜೋರಾಗಿ ಉಜ್ಜಿದರೆ ಸವೆಯುತ್ತೆ, ಬರೀ ಪಾತ್ರೆ ಉರಿ ಮೇಲಿಟ್ಟರೆ ಕರಗುತ್ತೆ."

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬೆಳ್ಳಗಿರಬೇಕಾದ ತಳದಲ್ಲಿ ಅಂಗೈಯಗಲ ಹಳದಿ.

"ಆಗಲೇ ಹೋಗಿಬಿಟ್ಟಿದೆ ಚಿಕ್ಕಮ್ಮ."

"ಗೊತ್ತು. ಎರಡು ವರ್ಷದಿಂದ ಅಕ್ಕ ಅದರಲ್ಲಿ ಹುಳಿ ಏನೂ ಬೇಯಿಸ್ತಿರಲಿಲ್ಲ. ಹಿತ್ತಾಳೆಗೆ ಹುಳಿ ತಾಗಿದರೆ ಕಿಲುಬು ಏಳುತ್ತೆ, ತಿನ್ನಬಾರದು. ಉಜ್ಜಿ ಉಜ್ಜಿ ಇಡ್ತಿದ್ದಳು ಅಷ್ಟೇ."

ಕಲಾಯಿ ಹಾಕೋರನ್ನ ಹುಡುಕಿಕೊಡೋ ಅಂತ ಅಮ್ಮ ಕೇಳಿದ್ದು ಒಂದು ಸಲವಲ್ಲ. ಈಗ ಯಾರಮ್ಮ ಅದನ್ನೆಲ್ಲ ಮಾಡ್ತಾರೆ ಅಂದು, ಸ್ಟೀಲ್ ಪಾತ್ರೆ ತಂದುಕೊಟ್ಟಿದ್ದೆ. ಅದು ಕೆಳಗಿನ ಕಪಾಟಿನಲ್ಲೇ ಇತ್ತು. ಬೆಲೆಯ ಚೀಟಿ ಕೂಡ ಕಿತ್ತಿರಲಿಲ್ಲ.

ಚಿಕ್ಕಮ್ಮ ಒಂದು ನಂಬರ್ ಕೊಟ್ಟರು. ಫೋನ್ ಎತ್ತಿದವರು ವಯಸ್ಸಾದವರು, ಕೆಮ್ಮುತ್ತಿದ್ದರು. ಹುಡುಕೋಕೆ ನನಗೆ ಬೇಕಾಗಿದ್ದು ಐದು ನಿಮಿಷ.

"ಬುಧವಾರ ತನ್ನಿ. ಒಳಗೆ ಏನೂ ಉಜ್ಜಬೇಡಿ, ಅದು ನನ್ನ ಕೆಲಸ," ಅಂದರು. "ಎಷ್ಟು ವರ್ಷ ಆಯ್ತು ಕಲಾಯಿ ಹಾಕಿಸಿ?"

"ಅಮ್ಮನ್ನ ಕೇಳಿ..." ಅಂದವನು ಅಲ್ಲಿಗೇ ನಿಲ್ಲಿಸಿದೆ.