ಮೇಧಾ – ಪ್ರಸನ್ನ ಮದುವೆ: ಅಂಗಳದ ಚಪ್ಪರಕ್ಕೆ ಬನ್ನಿ

2026ರ ಏಪ್ರಿಲ್ 26, ಭಾನುವಾರ. ಇಕ್ಕೇರಿ ಹತ್ತಿರದ ನಮ್ಮ ಮನೆ, ಸಾಗರ ತಾಲೂಕು.

ಎಲ್ಲರಿಗೂ ನಮಸ್ಕಾರ, ನಾನು ಮೇಧಾ ಬರೀತಿರೋದು, ಪ್ರಸನ್ನ ಪಕ್ಕದಲ್ಲೇ ಕೂತು ಓದ್ತಿದ್ದಾನೆ. ಕರೆಯೋಲೆಲಿ ಜಾಗ ಸಾಲದೆ ಬಿಟ್ಟಿದ್ದನ್ನೆಲ್ಲ ಇಲ್ಲಿ ಹಾಕಿದೀವಿ. ನಮ್ಮ ಕಡೆಯವರಿಗೆ ಧಾರವಾಡದ ದಾರಿ ಗೊತ್ತಿಲ್ಲ, ಅವರ ಕಡೆಯವರಿಗೆ ಮಲೆನಾಡಿನ ಮದುವೆ ಹೇಗಿರುತ್ತೆ ಅಂತ ಗೊತ್ತಿಲ್ಲ, ಬೆಂಗಳೂರಿನ ಫ್ರೆಂಡ್ಸ್‌ಗೆ ಎರಡೂ ಹೊಸದು, ಅದಕ್ಕೇ ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಕಥೆ

2019ರ ಜುಲೈ, ಜೋರು ಮಳೆ. ಅಜ್ಜಿ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬ ಬ್ಯಾಗಲ್ಲಿ ಇಟ್ಕೊಂಡು ಸಾಗರದಲ್ಲಿ ಬೆಂಗಳೂರು ಟ್ರೈನ್ ಹತ್ತಿದೆ, ಬ್ಯಾಗನ್ನ ಕೆಳಗಿನ ಬರ್ತ್ ಅಡಿಗೆ ತಳ್ಳಿ ಮಲಗಿಬಿಟ್ಟೆ. ನಮ್ಮ ಕಡೆ ಮಿಡಿಗೆ ಎಣ್ಣೆ ಹಾಕಲ್ಲ, ಉಪ್ಪುನೀರು, ಸಾಸಿವೆ, ಖಾರದಲ್ಲೇ ಅದು ವರ್ಷಗಟ್ಟಲೆ ಇರುತ್ತೆ. ಶಿವಮೊಗ್ಗ ಬರೋ ಹೊತ್ತಿಗೆ ಡಬ್ಬದ ಮುಚ್ಚಳ ಸಡಿಲ ಆಗಿ ಕೆಂಪು ರಸ ಪಕ್ಕದಲ್ಲಿದ್ದ ಇನ್ನೊಬ್ಬರ ಬ್ಯಾಗಿಗೆ ಇಳಿದಿತ್ತು. ಬ್ಯಾಗಿನವನು ಜೋಗ ನೋಡ್ಕೊಂಡು ವಾಪಸ್ ಹೊರಟಿದ್ದ. ಎದ್ದು ಕೂತು ಬೆರಳಿಗೆ ಅಂಟಿದ್ದನ್ನ ಮೂಸಿ, ಆಮೇಲೆ ನೆಕ್ಕಿ, "ಏನ್ರೀ ಇದು, ಭಾಳ ಚಲೋ ಐತಲ್ರೀ" ಅಂದ. ನಾನು ಅಳೋ ಹಾಗಿದ್ದೆ, ಅವನು ಒಂದು ಮಿಡಿ ಕೊಡ್ರಿ ಅಂತ ಕೇಳಿದ. ಆ ಬ್ಯಾಗಿನ ಕಲೆ ಇವತ್ತಿಗೂ ಹೋಗಿಲ್ಲ, ಅದನ್ನ ಅವನು ಬಿಸಾಡೂ ಇಲ್ಲ.

ಆಮೇಲೆ ಬೆಂಗಳೂರಲ್ಲಿ ಸಿಗ್ತಾ ಇದ್ವಿ. 2020ರ ಲಾಕ್‌ಡೌನ್‌ಗೆ ನಾನು ಊರು ಸೇರಿದೆ, ಅವನು ಧಾರವಾಡಕ್ಕೆ ಹೋದ. ನಮ್ಮನೇಲಿ ನೆಟ್‌ವರ್ಕ್ ಸಿಗೋದು ಮೇಲಿನ ಬ್ಯಾಣದಲ್ಲಿರೋ ಒಂದು ನೇರಲೆ ಮರದ ಹತ್ರ ಮಾತ್ರ. ದಿನಾ ಸಂಜೆ 6ಕ್ಕೆ ಕೊಡೆ ಹಿಡ್ಕೊಂಡು ಅಲ್ಲಿ ನಿಂತು ಮಾತಾಡ್ತಿದ್ದೆ. ಮದುವೆ ಅಂತ ಮನಸಲ್ಲಿ ಗಟ್ಟಿಯಾಗಿದ್ದು ಆ ಮರದ ಬುಡದಲ್ಲೇ.

ಎರಡೂ ಮನೆಯವರು ಒಪ್ಪೋಕೆ ಟೈಮ್ ತಗೊಂಡ್ರು, ಅದು ಸಹಜ, ಅವರ ಮಾತು ಬೇರೆ ಊಟ ಬೇರೆ ಪದ್ಧತಿ ಬೇರೆ. ಆದ್ರೆ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ, "ತಂಬ್ಳಿ ಉಣ್ತ್ನಾ ಅಂವ?" ಪ್ರಸನ್ನ ಮೊದಲ ಸಲ ಮನೆಗೆ ಬಂದಾಗ ಒಂದೆಲಗದ ತಂಬುಳಿ ಮೂರು ಸಲ ಹಾಕಿಸ್ಕೊಂಡ. ಅವರ ಅವ್ವ ಮುಂದಿನ ಸಲ ಬರುವಾಗ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಕೊಂಡು ಬಂದ್ರು, ಅಜ್ಜಿಗೆ ಹಲ್ಲಿಲ್ಲ ಅಂತ ಗೊತ್ತಾಗಿ ತಾವೇ ರೊಟ್ಟಿ ಮುರಿದು ಮಜ್ಜಿಗೆಲಿ ನೆನೆಸಿ ಕೊಟ್ರು. ಅವತ್ತೇ ಅಪ್ಪ ದಿನ ನೋಡೋಕೆ ಹೇಳಿದ್ದು.

ಮಂಟಪ ಬುಕ್ ಮಾಡದೆ ಮನೇಲೇ ಮದುವೆ ಇಟ್ಕೊಂಡಿರೋದು ಅಜ್ಜಿಗೋಸ್ಕರ. ಅವರು ಈಗ ಮನೆ ಬಿಟ್ಟು ಓಡಾಡಲ್ಲ. ಚಳಿಗಾಲ ಪೂರ್ತಿ ಅಡಿಕೆ ಒಣಗೋ ಅದೇ ಅಂಗಳಕ್ಕೆ ಅಡಿಕೆ ದಬ್ಬೆ ಕಟ್ಟಿ, ಸೋಗೆ ಹೊದಿಸಿ ಚಪ್ಪರ ಆಗುತ್ತೆ. ಅಜ್ಜಿ ಜಗಲಿಯಲ್ಲಿ ಕೂತ್ರೆ ಧಾರೆ ನೇರ ಕಾಣುತ್ತೆ, ಮಂಟಪದ ಜಾಗ ಹಾಗೇ ನೋಡಿ ಗುರುತು ಹಾಕಿದೀವಿ. ಬಂದವರು ದಯವಿಟ್ಟು ಫೋಟೋಗೆ ಅಂತ ಜಗಲಿ ಎದುರು ಅಡ್ಡ ನಿಲ್ಲಬೇಡಿ, ಇದೊಂದು ನನ್ನ ಕಳಕಳಿಯ ವಿನಂತಿ.

ಯಾವಾಗ ಏನು

*ಏಪ್ರಿಲ್ 25, ಶನಿವಾರ*

ಬೆಳಗ್ಗೆ ನಾಂದಿ, ಅದು ಮನೆಮಟ್ಟಿಗೆ. ಸಂಜೆ 5ರ ಹೊತ್ತಿಗೆ ಧಾರವಾಡದ ದಿಬ್ಬಣದ ಬಸ್ಸು ಬರುತ್ತೆ, ಎಲ್ಲರಿಗೂ ಕಾಫಿ, ಅವಲಕ್ಕಿ. 7 ಗಂಟೆಗೆ ಅಂಗಳದಲ್ಲಿ ತಾಳಮದ್ದಲೆ. ನೋಡದೇ ಇರೋರಿಗೆ ಹೇಳ್ತೀನಿ, ಇದ್ರಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಯಕ್ಷಗಾನದ ಪದ್ಯ, ಮದ್ದಲೆ, ಚಂಡೆ, ಮತ್ತೆ ಕೂತಲ್ಲೇ ಅರ್ಥಧಾರಿಗಳ ಮಾತು. ನಮ್ಮ ದೊಡ್ಡಪ್ಪ ಅರ್ಥ ಹೇಳ್ತಾರೆ. ಊಟ 8:30ರಿಂದ, ಮಾತು ಕೇಳ್ತಾ ಕೂತವರಿಗೆ ಆಮೇಲೂ ಬಡಿಸ್ತಾರೆ.

*ಏಪ್ರಿಲ್ 26, ಭಾನುವಾರ*

ತಿಂಡಿ 7ರಿಂದ 8:30. ತೆಳ್ಳೇವು, ಕಾಯಿಚಟ್ನಿ, ಜೋನಿಬೆಲ್ಲ. 8:45ಕ್ಕೆ ದಿಬ್ಬಣ ಎದುರುಗೊಳ್ಳೋದು, ವರಪೂಜೆ. ಮುಹೂರ್ತ ಮಿಥುನ ಲಗ್ನದಲ್ಲಿ 10:20ಕ್ಕೆ, ಅಷ್ಟು ಹೊತ್ತಿಗೆ ಎಲ್ಲರೂ ಚಪ್ಪರದೊಳಗೆ ಇರಿ. ಧಾರೆ, ಮಾಂಗಲ್ಯಧಾರಣೆ ಆದ್ಮೇಲೆ ಲಾಜಹೋಮ, ಸಪ್ತಪದಿ. ಅಲ್ಲಿ ಅರ್ಧದಲ್ಲಿ ಎದ್ದು ಊಟಕ್ಕೆ ಹೋಗೋ ಅಭ್ಯಾಸ ಎಲ್ಲ ಕಡೆ ಇದೆ, ಆದ್ರೆ ಸಪ್ತಪದಿ ನೋಡಿ ಹೋದ್ರೆ ನಮಗಿಬ್ಬರಿಗೂ ತುಂಬಾ ಖುಷಿ.

ಊಟ 12:30ಕ್ಕೆ ಮೊದಲ ಪಂಕ್ತಿ, ಬಾಳೆಲೆ, ನೆಲದ ಮೇಲೆ. ಮಂಡಿನೋವು ಇರೋರಿಗೆ ಒಳಗಿನ ಪಡಸಾಲೆಯಲ್ಲಿ ಟೇಬಲ್ ಹಾಕಿಸಿದೀವಿ, ಕೇಳೋಕೆ ಸಂಕೋಚ ಬೇಡ. ಅಪ್ಪೆಹುಳಿ, ಹಲಸಿನಕಾಯಿ ಹುಳಿ, ಹೋಳಿಗೆ, ಮಾವಿನಹಣ್ಣಿನ ಸೀಕರಣೆ ಇರುತ್ತೆ, ಧಾರವಾಡದ ಅತ್ತೆ ಕಡೆಯಿಂದ ಪೇಡೆ ಬರುತ್ತೆ. ಅಪ್ಪೆಹುಳಿ ಅನ್ನಕ್ಕೂ ಕಲಸಬಹುದು, ಲೋಟದಲ್ಲಿ ಕುಡೀಲೂಬಹುದು, ಬಿಸಿಲಿಗೆ ಅದಕ್ಕಿಂತ ಒಳ್ಳೇದು ಇಲ್ಲ, ಊಟ ಮುಗಿದ್ಮೇಲೆ ಕಣ್ಣು ಎಳೆಯುತ್ತೆ ಅಷ್ಟೇ, ಹಾಗಾಗಿ ಡ್ರೈವ್ ಮಾಡೋರು ಸ್ವಲ್ಪ ನೋಡ್ಕೊಂಡು ಕುಡೀರಿ. 4:30ಕ್ಕೆ ರಾಹುಕಾಲ ಶುರು, ಅದಕ್ಕೆ ಮುಂಚೆ, 4 ಗಂಟೆಗೇ ನಾವು ಧಾರವಾಡಕ್ಕೆ ಹೊರಡ್ತೀವಿ.

*ಮೇ 1, ಶುಕ್ರವಾರ, ಧಾರವಾಡ*

ಅವತ್ತು ಹುಣ್ಣಿಮೆ, ಬೆಳಗ್ಗೆ ಪ್ರಸನ್ನನ ಮನೇಲಿ ಸತ್ಯನಾರಾಯಣ ಪೂಜೆ. ಸಂಜೆ 6:30ರಿಂದ ರಿಸೆಪ್ಶನ್, ಸಪ್ತಾಪುರದಲ್ಲಿ, ಕಲ್ಯಾಣ ಮಂಟಪದ ವಿಳಾಸ ಕರೆಯೋಲೆಯ ಎರಡನೇ ಪುಟದಲ್ಲಿದೆ. ಕಾರ್ಮಿಕರ ದಿನದ ರಜೆ ಇರೋದ್ರಿಂದ ಆಫೀಸಿನವರಿಗೆ ಅನುಕೂಲ ಆಗ್ಲಿ ಅಂತಾನೂ ಇದೇ ದಿನ ಇಟ್ಟಿದ್ದು. ಸಾಗರಕ್ಕೆ ಬರೋಕಾಗದವರು ಇದಕ್ಕೆ ಬನ್ನಿ.

ಬರೋದು ಹೇಗೆ

*ಟ್ರೈನ್:* ಬೆಂಗಳೂರಿನವರಿಗೆ ನನ್ನ ಮೊದಲ ಸಲಹೆ ಟ್ರೈನೇ. ಮೈಸೂರು–ತಾಳಗುಪ್ಪ ಎಕ್ಸ್‌ಪ್ರೆಸ್, ನಂಬರ್ 16227, ರಾತ್ರಿ ಬೆಂಗಳೂರಲ್ಲಿ ಹತ್ತಿದ್ರೆ ಬೆಳಗ್ಗೆ ಸಾಗರ. ಬುಕ್ ಮಾಡುವಾಗ ಸ್ಟೇಷನ್ ಹೆಸರು ಸಾಗರ ಜಂಬಗಾರು ಅಂತ ಬರುತ್ತೆ, ಅದೇ ನಮ್ಮ ಸಾಗರ, ಗೊಂದಲ ಆಗಬೇಡಿ. ರಿಸರ್ವೇಶನ್ 60 ದಿನ ಮುಂಚೆ ತೆರೆಯುತ್ತೆ. ಅಂದ್ರೆ ಏಪ್ರಿಲ್ 24ರ ಶುಕ್ರವಾರ ರಾತ್ರಿ ಹೊರಡೋರು ಫೆಬ್ರವರಿ 23ರ ಬೆಳಗ್ಗೆ 8ಕ್ಕೆ, ಶನಿವಾರ ರಾತ್ರಿ ಹೊರಡೋರು ಫೆಬ್ರವರಿ 24ಕ್ಕೆ ಕೂತ್ಕೊಳಿ, ಬೇಸಿಗೆ ರಜೆ ಟೈಮಲ್ಲಿ ಸೀಟು ಬೇಗ ಖಾಲಿ ಆಗುತ್ತೆ. ಎರಡೂ ದಿನ ಬೆಳಗ್ಗೆ ಸ್ಟೇಷನ್ನಿಗೆ ನಮ್ಮ ಕಡೆಯ ಎರಡು ವ್ಯಾನ್ ಬರುತ್ತೆ, ಮುಂದೆ ಮಾವಿನ ತೋರಣ ಕಟ್ಟಿರುತ್ತೆ, ಅದೇ ಗುರುತು. ಭಾನುವಾರವೇ ಬರೋರು ಟ್ರೈನ್ ಲೇಟಾದ್ರೂ ಮುಹೂರ್ತಕ್ಕೆ ಸಿಗ್ತಾರೆ, ಆದ್ರೂ ಶುಕ್ರವಾರ ರಾತ್ರೀನೇ ಹೊರಟ್ರೆ ತಾಳಮದ್ದಲೆನೂ ಸಿಗುತ್ತೆ. ವಾಪಸ್ ಹೋಗೋಕೆ 16228, ಅದು ರಾತ್ರಿ, ಸ್ಟೇಷನ್ನಿಗೆ ನಾವೇ ಬಿಡ್ತೀವಿ.

*ಬಸ್ಸು, ಕಾರು:* ಮೆಜೆಸ್ಟಿಕ್‌ನಿಂದ ಸಾಗರಕ್ಕೆ ರಾತ್ರಿ ಬಸ್ಸುಗಳಿವೆ. ಕಾರಲ್ಲಿ ಬರೋರು ತುಮಕೂರು, ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ, ಆನಂದಪುರ ದಾರಿ ಹಿಡೀರಿ, ಒಟ್ಟು ಸುಮಾರು 360 ಕಿಲೋಮೀಟರ್. ಶಿವಮೊಗ್ಗದಿಂದ ಇಲ್ಲಿಗೆ 70 ಚಿಲ್ಲರೆ, ಕಾಡಿನ ರಸ್ತೆ, ರಾತ್ರಿ ಆತುರ ಬೇಡ. ಹುಬ್ಬಳ್ಳಿ ಕಡೆಯಿಂದ ಮುಂಡಗೋಡ, ಶಿರಸಿ, ಸಿದ್ದಾಪುರ ಮೇಲೆ ಬನ್ನಿ, ನಾಲ್ಕು ತಾಸು ಇಟ್ಕೊಳ್ರಿ. ವಿಮಾನದಲ್ಲಿ ಬರೋರಿಗೆ ಶಿವಮೊಗ್ಗದ ಸೋಗಾನೆ ಏರ್‌ಪೋರ್ಟ್ ಹತ್ತಿರ, ಧಾರವಾಡಕ್ಕೆ ಹುಬ್ಬಳ್ಳಿ ಏರ್‌ಪೋರ್ಟ್.

*ಸಾಗರದಿಂದ ಮನೆಗೆ:* ಪೇಟೆಯಿಂದ ಇಕ್ಕೇರಿಗೆ ಸುಮಾರು 6 ಕಿಲೋಮೀಟರ್. ಅಘೋರೇಶ್ವರ ದೇವಸ್ಥಾನದ ತನಕ ಮ್ಯಾಪ್ ಸರಿ ತೋರಿಸುತ್ತೆ, ಅದಾದ್ಮೇಲೆ ಅದು ತೋಟದ ಕಾಲುದಾರಿಗೆ ನುಗ್ಗಿಸುತ್ತೆ. ಹೋದ ವರ್ಷ ಅಣ್ಣನ ಫ್ರೆಂಡ್ ಕಾರು ಹಾಗೇ ಹೋಗಿ ಕಾದಿಗೆಗೆ ಇಳೀತು. ಅದಕ್ಕೆ ದೇವಸ್ಥಾನದಿಂದ ಮನೆ ತನಕ ಪ್ರತಿ ತಿರುವಲ್ಲೂ ಅರಿಶಿನ ಬಣ್ಣದ ಬಟ್ಟೆ, ಅದ್ರ ಮೇಲೆ ನಮ್ಮಿಬ್ಬರ ಹೆಸರು ಕಟ್ಟಿರ್ತೀವಿ. ಮ್ಯಾಪ್ ಆಫ್ ಮಾಡಿ ಬಟ್ಟೆ ನೋಡ್ಕೊಂಡು ಬನ್ನಿ. ಪಾರ್ಕಿಂಗ್ ಕೊಯ್ಲಾದ ಗದ್ದೇಲಿ. ಮೊಬೈಲ್ ಸಿಗ್ನಲ್ ಇಕ್ಕೇರಿ ದಾಟಿದ ಮೇಲೆ ಸಿಗಲ್ಲ, ಕರೆ ಮಾಡೋದಿದ್ರೆ ದೇವಸ್ಥಾನದ ಹತ್ರಾನೇ ಮಾಡಿ, ಅಣ್ಣನ ನಂಬರ್ ಕರೆಯೋಲೆ ಹಿಂದೆ ಇದೆ, ಮನೆಯ ಲ್ಯಾಂಡ್‌ಲೈನೂ ಇದೆ.

ಉಳಿಯೋಕೆ ಸಾಗರ ಪೇಟೇಲಿ ರೂಮ್ ತಗೊಂಡಿದೀವಿ, ನಮ್ಮ ಅಕ್ಕಪಕ್ಕದ ಮನೆಯವರೂ ಜಾಗ ಕೊಟ್ಟಿದಾರೆ. ಏಪ್ರಿಲ್ 10ರ ಒಳಗೆ ಎಷ್ಟು ಜನ, ಯಾವತ್ತು ಬರ್ತೀರ ಅಂತ ಅಣ್ಣನಿಗೆ ತಿಳಿಸಿ, ಅಡುಗೆ ಭಟ್ಟರಿಗೆ ಲೆಕ್ಕ ಕೊಡಬೇಕು. ಸೋಮವಾರ ರಜೆ ಹಾಕಿದ್ರೆ ಕೆಳದಿ, ವರದಹಳ್ಳಿ ನೋಡ್ಕೊಂಡು ಹೋಗಿ. ಜೋಗ 30 ಕಿಲೋಮೀಟರ್, ಆದ್ರೆ ಏಪ್ರಿಲ್‌ನಲ್ಲಿ ನೀರು ಕಮ್ಮಿ, ಅದನ್ನ ಮಳೆಗಾಲಕ್ಕೆ ಇಟ್ಕೊಳಿ, ಆಗ ಇನ್ನೊಂದ್ಸಲ ಮನೆಗೆ ಬಂದ ಹಾಗಾಗುತ್ತೆ.

ಏನು ಉಡೋದು

ಇದನ್ನ ತುಂಬಾ ಜನ ಕೇಳಿದ್ರು. ಏಪ್ರಿಲ್ ಕೊನೆ ಅಂದ್ರೆ ಹಗಲು ಸೆಕೆ, ಬೆವರು. ಎಸಿ ಇಲ್ಲ, ಚಪ್ಪರದ ನೆರಳು ಮತ್ತೆ ಫ್ಯಾನ್ ಅಷ್ಟೇ. ಭಾರದ ರೇಷ್ಮೆ, ಶೇರ್ವಾನಿ, ಕೋಟು ಬೇಡ್ವೇ ಬೇಡ. ಕಾಟನ್ ಸೀರೆ, ಚೂಡಿದಾರ್, ತೆಳು ರೇಷ್ಮೆ ಸಾಕು. ಇಳಕಲ್ ಇದ್ರೆ ದಯವಿಟ್ಟು ಅದನ್ನೇ ಉಟ್ಕೊಂಡು ಬನ್ನಿ, ಹಗುರ, ಮತ್ತೆ ಧಾರೆಗೆ ನಾನು ಉಡೋದೂ ಅತ್ತೆ ಕೊಟ್ಟಿರೋ ಕಸೂತಿಯ ಇಳಕಲ್ಲೇ. ಗಂಡಸರಿಗೆ ಬಿಳಿ ಪಂಚೆ, ಅಂಗಿ, ಶಲ್ಯ ಚೆನ್ನಾಗಿರುತ್ತೆ. ಪಂಚೆ ಜಾರುತ್ತೆ ಅನ್ನೋ ಭಯ ಇದ್ರೆ ಪ್ಯಾಂಟೇ ಹಾಕಿ, ಯಾರೂ ಏನೂ ಅನ್ಕೊಳಲ್ಲ. ಮಡಿ ಉಡೋದು ಮಂಟಪದಲ್ಲಿ ಕೂರೋ ಮನೆಯವರು ಮಾತ್ರ, ಉಳಿದವರಿಗೆ ಯಾವ ಕಟ್ಟೂ ಇಲ್ಲ.

ಮುಹೂರ್ತದ ಹೊತ್ತಿಗೆ ಪೂರ್ತಿ ಕಪ್ಪು ಬೇಡ, ಅಜ್ಜಿ ಮನಸ್ಸಿಗೆ ಹಿಡಿಸಲ್ಲ. ಚಂದ್ರಕಾಳಿ ಸೀರೆ ಉಡೋ ಆಸೆ ಇರೋ ಧಾರವಾಡದ ಕಾಕೂ, ಮಾವಶಿಗಳಿಗೆ ರಿಸೆಪ್ಶನ್ ಇದೆಯಲ್ಲ, ಅಲ್ಲಿ ಎಲ್ಲ ನಡೆಯುತ್ತೆ, ಅಲ್ಲಿ ಭರ್ಜರಿಯಾಗಿ ಬನ್ನಿ.

ಅಂಗಳ ಸಗಣಿ ಸಾರಿಸಿದ ಮಣ್ಣಿನ ನೆಲ, ಹೀಲ್ಸ್ ಹೂತುಹೋಗುತ್ತೆ. ಚಪ್ಪಲಿ ಬಿಡೋಕೆ ಚಪ್ಪರದ ಬಾಗಿಲಲ್ಲೇ ಜಾಗ ಇದೆ, ಸುಲಭವಾಗಿ ಬಿಟ್ಟು ಹಾಕೋ ಹಾಗಿರೋದನ್ನೇ ತನ್ನಿ. ನೆಲಕ್ಕೆ ಗುಡಿಸೋ ಲೆಹಂಗಾ ಹಾಕಿದ್ರೆ ಅಂಚು ಕೊಳೆ ಆಗುತ್ತೆ, ಹೋಮದ ಹತ್ರ ಸಿಂಥೆಟಿಕ್ ದುಪಟ್ಟಾ ಜೋಪಾನ. ಸಂಜೆ ಒಮ್ಮೊಮ್ಮೆ ಗುಡುಗಿ ಮಳೆ ಬರುತ್ತೆ, ಸೋಗೆ ಮೇಲೆ ತಾಡಪಾಲು ಹಾಕಿಸ್ತೀವಿ, ಆದ್ರೂ ಬ್ಯಾಗಲ್ಲಿ ಒಂದು ಕೊಡೆ, ಮಕ್ಕಳಿಗೆ ಇನ್ನೊಂದು ಜೊತೆ ಬಟ್ಟೆ ಇರಲಿ.

ಉಡುಗೊರೆ ತರಬೇಡಿ. ವಾಪಸ್ ಹೋಗುವಾಗ ನಿಮ್ಮ ಕೈಗೆ ಅಜ್ಜಿಯ ಅಪ್ಪೆಮಿಡಿ ಒಂದೊಂದು ಡಬ್ಬ ಕೊಡ್ತೀವಿ. ಮುಚ್ಚಳಕ್ಕೆ ಪ್ರಸನ್ನನೇ ಟೇಪ್ ಸುತ್ತುತಾನಂತೆ, ಆದ್ರೂ ಟ್ರೈನಲ್ಲಿ ಅದನ್ನ ನೆಟ್ಟಗೆ ನಿಲ್ಲಿಸ್ಕೊಂಡು ಹೋಗಿ.